ಹಜ್-ವಾರಿ ಹೋಲಿಕೆ ಪ್ರಶ್ನೆ, 15 ಮಾರ್ಕ್ಸು: ಸ್ಕೀಮ್ ಹೇಗೆ ಬರೆಯೋದು?

ಡೊಂಬಿವಲಿ_ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಮುಂಬೈ ಕಡೆ ಒಂದು ಕಾಲೇಜಲ್ಲಿ ಬಿಎ ಮಕ್ಕಳಿಗೆ ತೌಲನಿಕ ಧರ್ಮ ಅಧ್ಯಯನದ ಪೇಪರ್ ಪಾಠ ಮಾಡ್ತೀನಿ, ಈ ಸೆಮಿಸ್ಟರ್ ಎಂಡ್ ಎಕ್ಸಾಮ್ ಪೇಪರ್ ಸೆಟ್ ಮಾಡೋದೂ ನನ್ನ ಪಾಲಿಗೇ ಬಂದಿದೆ. 60 ಮಾರ್ಕ್ಸು, ಎರಡು ಗಂಟೆ, 15ರ ನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ಒಳಗೊಂದು ಆಪ್ಶನ್. ತೀರ್ಥಯಾತ್ರೆ ಯೂನಿಟ್ಟಿಂದ ನಾನು ಹಾಕಿರೋದು ಇದು: "ಹಜ್ ಮತ್ತು ಪಂಢರಪುರದ ವಾರಿಯನ್ನು ಹೋಲಿಸಿ ಬರೆಯಿರಿ." ಸ್ಕೀಮ್ ಹೀಗಿದೆ: ಹಜ್ ವಿವರಣೆ 6, ವಾರಿ ವಿವರಣೆ 6, ಹೋಲಿಕೆ 3. ಪೇಪರ್ ಇಂಗ್ಲಿಷ್, ಮರಾಠಿ ಎರಡರಲ್ಲೂ ಇರುತ್ತೆ, ಇಲ್ಲಿಗೋಸ್ಕರ ಕನ್ನಡದಲ್ಲಿ ಹಾಕಿದೀನಿ. ವ್ಯಾಲ್ಯುಯೇಶನ್‌ಗೆ ನನ್ನ ಜೊತೆ ಹೊರಗಿನಿಂದ ಇನ್ನೊಬ್ಬರು ಬರ್ತಾರೆ, ಇಬ್ಬರೂ ಒಂದೇ ಥರ ಮಾರ್ಕ್ಸ್ ಕೊಡೋ ಹಾಗೆ ಸ್ಕೀಮ್ ಇರಬೇಕು ಅನ್ನೋದು ನನ್ನ ಆಸೆ. ಮಾಡರೇಷನ್‌ಗೆ ಕಳಿಸೋ ಮುಂಚೆ ಅನುಭವ ಇರೋರು ಒಂದ್ಸಲ ನೋಡಿ ಹೇಳ್ತೀರಾ?

ಪೋಂಡಾ_ಲೆಕ್ಕ
ನಾನು ಕಾಮರ್ಸ್ ಮೇಷ್ಟ್ರು, ನಿಮ್ಮ ಸಬ್ಜೆಕ್ಟು ನನ್ನದಲ್ಲ, ಆದ್ರೆ ಪೇಪರ್ ಸೆಟ್ ಮಾಡಿ ಮಾಡಿ ಕೈ ಪಳಗಿದೆ ಮಾರಾಯ್ರೆ. ಸ್ಕೀಮ್ ಇನ್ನೂ ಬಿಡಿಸಿ ಬರೀಬೇಕು. ಇಹ್ರಾಮ್‌ಗೆ 1, ತವಾಫ್‌ಗೆ 1, ಅರಫಾತ್‌ಗೆ 1, ಪಾಲಕಿಗೆ 1, ರಿಂಗಣಕ್ಕೆ 1 ಹೀಗೆ. ಒಂದು ಪಾಯಿಂಟು ಒಂದು ಮಾರ್ಕು. ಆಗ ಇಬ್ಬರಲ್ಲ, ಹತ್ತು ಜನ ಕೂತು ತಿದ್ದಿದ್ರೂ ಟೋಟಲ್ ಒಂದೇ ಬರ್ತದೆ, ನಾಳೆ ಯಾರಾದ್ರೂ ಫೋಟೋಕಾಪಿ ತೆಗೆಸಿ ಪ್ರಶ್ನೆ ಮಾಡಿದ್ರೆ ತೋರಿಸ್ಲಿಕ್ಕೂ ಆಧಾರ ಉಂಟು.

ಆಳಂದಿ_ವಾರಿ
ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ, ನನಗ ಈ ಪ್ರಶ್ನೆನೇ ಸರಿ ಅನ್ನಿಸಲಿಲ್ಲ. ಯಾವುದು ದೊಡ್ಡದು ಯಾವುದು ಸಣ್ಣದು ಅಂತ ಹುಡುಗರ ಕಡೆ ಬರೆಸಿ ಏನ್ ಸಾಧಿಸ್ತೀರಿ? ನಾನು ವರ್ಷಾ ಆಳಂದಿಂದ ಮಾವುಲಿ ಪಾಲಕಿ ಜೋಡಿ ನಡೀತೀನಿ, ನಮ್ಮ ತಂದಿನೂ ನಡದವರು. ಸುಮಾರು 250 ಕಿಲೋಮೀಟರ್, ಮಳಿ ಇರಲಿ ಕೆಸರಿರಲಿ ಬಾಯಾಗ ಅಭಂಗ. ಅದನ್ನ ಅನುಭವಿಸಬೇಕ್ರಿ, ಅದಕ್ಕ ಮಾರ್ಕ್ಸ್ ಹಾಕಾಕ ಬರ್ತದೇನು? ಬೇಕಾದ್ರ ವಿಠ್ಠಲ ಕನ್ನಡದಾವ ಅನ್ನೋದರ ಮ್ಯಾಲೆ ಒಂದು ಪ್ರಶ್ನೆ ಹಾಕ್ರಿ, "ಕಾನಡಾ ಹೋ ವಿಠ್ಠಲು" ಅಂತ ಜ್ಞಾನದೇವರ ಹೆಸರಿಲೆ ಅಭಂಗ ಐತೆಲ್ಲ.

ಡೊಂಬಿವಲಿ_ಟೀಚರ್
ಅಣ್ಣಾ, ಯಾವುದು ಮೇಲು ಅಂತ ಕೇಳ್ತಿಲ್ಲ, ಅಂಥ ಪ್ರಶ್ನೆ ನಾನು ಹಾಕೋದೂ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಏನು ಕಾಣುತ್ತೆ ಅನ್ನೋದಷ್ಟೇ. ಆದ್ರೆ ನಿಮಗೆ ಹಾಗೆ ಅನ್ನಿಸಿದೆ ಅಂದ್ರೆ ನನ್ನ ಮಕ್ಕಳಲ್ಲೂ ಕೆಲವರಿಗೆ ಅನ್ನಿಸಬಹುದು, ಅದನ್ನ ಯೋಚನೆ ಮಾಡ್ತೀನಿ.

ಪುಣೆ_ಹಳಬ
ನಮಸ್ಕಾರ್ರಿ ಮೇಡಂ. ನಾನು ಪುಣೆದಾಗ ಇದೇ ವಿಷಯ ಕಲಿಸಿ ರಿಟೈರ್ ಆದಾಂವ. ಪ್ರಶ್ನೆಕಿಂತ ಮೊದಲ ನಿಮ್ಮ ಸ್ಕೀಮ್ ನೋಡೂಣ. 6, 6, 3 ಅಂದ್ರ ಏನ್ ಆತು? ಒಬ್ಬ ಹುಡುಗ ಹಜ್ ಮ್ಯಾಲೆ ಒಂದು ಟಿಪ್ಪಣಿ, ವಾರಿ ಮ್ಯಾಲೆ ಒಂದು ಟಿಪ್ಪಣಿ ಬರದ, ಹೋಲಿಕೆ ಅಂತ ಒಂದ್ ಅಕ್ಷರ ಬರೀಲಿಲ್ಲ, ಅವಂಗ 12 ಬರ್ತದ. ಹೋಲಿಸ್ರಿ ಅಂತ ಕೇಳಿದ ಪ್ರಶ್ನೆದಾಗ ಹೋಲಿಸದವಂಗ 12! ಹುಡುಗರು ಶಾಣ್ಯಾ ಇರ್ತಾರ, ಹಳೇ ಪೇಪರ್ ನೋಡಿ ಯಾವುದಕ್ಕ ಮಾರ್ಕ್ಸ್ ಬರ್ತದ ಅದನ್ನ ಕಲೀತಾರ. ಮುಂದಿನ ವರ್ಷ ಎರಡು ಗೈಡ್ ಟಿಪ್ಪಣಿ ಬಾಯಿಪಾಠ ಮಾಡ್ಕೊಂಡು ಬರ್ತಾರ, ನಡುವ "ಆದರೆ ಇನ್ನೊಂದು ಕಡೆ" ಅಂತ ಒಂದು ಸಾಲು ಹಾಕ್ತಾರ. ಪೋಂಡಾ ಸರ್ ಹೇಳಿದಂಗ ಮಾಡಿದ್ರ ಇದು ಇನ್ನೂ ಕೆಡ್ತದ, ಯಾಕಂದ್ರ ಹೆಸರು ಬರೆದಷ್ಟೂ ಮಾರ್ಕು.

ಇನ್ನ ಪ್ರಶ್ನೆ. "ಹೋಲಿಸಿ ಬರೆಯಿರಿ" ಅಂತೀರಿ, ಆದ್ರ ಯಾವ ವಿಷಯದಾಗ ಅಂತ ಹೇಳಿಲ್ಲ. ಎರಡು ವಸ್ತು ಹೋಲಿಸಬೇಕಾದ್ರ ಮೂರನೇದೊಂದು ಬೇಕು, "ಇಂಥಾದ್ದರ ಮಟ್ಟಿಗೆ" ಅಂತ. ಜೋನಾಥನ್ ಜ಼ೆಡ್ ಸ್ಮಿತ್ 1990ರ ಪುಸ್ತಕದಾಗ ಇದನ್ನ ಭಾಳ ಗಟ್ಟಿಯಾಗಿ ಹೇಳ್ಯಾರ. ಆ ಮೂರನೇದು ಕೊಡದಿದ್ರ ಒಬ್ಬ ದೂರದ ಬಗ್ಗೆ ಬರೀತಾನ, ಇನ್ನೊಬ್ಬ ಕಡ್ಡಾಯವೋ ಐಚ್ಛಿಕವೋ ಅಂತ ಬರೀತಾನ, ಮತ್ತೊಬ್ಬಾಕಿ ಬಟ್ಟಿ ಬಗ್ಗೆ ಬರೀತಾಳ. ಎಲ್ಲಾರೂ ಸರಿನೇ, ನಿಮ್ಮ ಕೈಯಾಗ ಅಳತಿಗೋಲು ಮಾತ್ರ ಇಲ್ಲ.

ಆಳಂದಿ ಅವರ ವಿಠ್ಠಲನ ವಿಷಯ ಚಲೋ ಅದ, ಆದ್ರ ಅದು ಬ್ಯಾರೇ ಯೂನಿಟ್ಟಿಗೆ.

ಡೊಂಬಿವಲಿ_ಟೀಚರ್
ಸರ್, 12ರ ಮಾತು ಓದಿ ಸುಮ್ನೆ ಕೂತುಬಿಟ್ಟೆ, ಹೌದಲ್ವಾ ಅನ್ನಿಸ್ತು. ಮೂರನೇದು ಅಂದ್ರೆ ಇಲ್ಲಿ ಏನು ಕೊಡಬಹುದು? ಕ್ಲಾಸಲ್ಲಿ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಮಾಡಿದೀವಿ, ಇರಾವತಿ ಕರ್ವೆಯವರ 1962ರ ವಾರಿ ಲೇಖನ ಓದಿಸಿದೀನಿ.

ಪುಣೆ_ಹಳಬ
ಹಂಗಾದ್ರ ದಾರಿ ನಿಮ್ಮ ಕೈಯಾಗೇ ಅದ. ಯಾತ್ರಿಗೆ ಹೊರಟ ಮ್ಯಾಲೆ ಊರಿನ ಅಂತಸ್ತು, ಹುದ್ದೆ ಎಲ್ಲಾ ಸಡಲಾಗಿ ಜನ ಬರೇ ಮನುಷ್ಯರಾಗಿ ಒಂದಾಗ್ತಾರ, ಅದೇ ಟರ್ನರ್ ಅವರ ಕಮ್ಯುನಿಟಾಸ್. ಕರ್ವೆ ಬಾಯಿಯವರು ದಿಂಡಿ ಅನ್ನೋ ಯಾತ್ರಿಕರ ಗುಂಪಿನ ಜೋಡಿ ಸ್ವತಃ ನಡದು, ಒಂದೇ ಅಭಂಗ ಹಾಡ್ಕೋತ ಹೋಗೋ ಬ್ರಾಹ್ಮಣರು ಮರಾಠರು ಊಟಕ್ಕ ಮಾತ್ರ ಬ್ಯಾರೆ ಬ್ಯಾರೆ ಕೂಡೋದನ್ನ ಕಂಡು ಬರದಾರ, ಅದು ಅವರಿಗೆ ನೋವು ಕೊಟ್ಟಿತ್ತು. ಪ್ರಶ್ನೆ ಹಿಂಗ ಮಾಡ್ರಿ:

"ಯಾತ್ರೆಯಲ್ಲಿ ಸಾಮಾಜಿಕ ಮೇಲು-ಕೀಳು ಕರಗುತ್ತದೆ ಎಂಬ ಟರ್ನರ್ ವಾದ ಹಜ್‌ಗೂ ವಾರಿಗೂ ಎಷ್ಟರ ಮಟ್ಟಿಗೆ ಹೊಂದುತ್ತದೆ? ಪ್ರತಿಯೊಂದರಿಂದ ಕನಿಷ್ಠ ಎರಡು ಆಚರಣೆಗಳನ್ನು ತೆಗೆದುಕೊಂಡು ಚರ್ಚಿಸಿ."

ಇದರಾಗ ಆಳಂದಿ ಅವರ ಸಂಶಯನೂ ಹೋಗ್ತದ. ಎರಡು ಧರ್ಮದ ನಡುವ ಕುಸ್ತಿ ಇಲ್ಲ, ಎರಡೂ ಕೂಡಿ ಒಂದು ವಾದನ್ನ ಪರೀಕ್ಷಾ ಮಾಡ್ತಾವ.

ಸ್ಕೀಮ್: ಆಚರಣೆಗಳ ಖರೇ ವಿವರ 5, ಎರಡನ್ನೂ ಒಂದಕ್ಕೊಂದು ತಾಗಿಸಿ ಮಾತಾಡೋದು 7, ಟರ್ನರ್ ವಾದ ಎಲ್ಲಿ ನಿಲ್ಲತದ ಎಲ್ಲಿ ಬೀಳತದ ಅನ್ನೋ ತೀರ್ಮಾನ 3.

ಪೋಂಡಾ_ಲೆಕ್ಕ
ಸರ್, ಗೌರವದಿಂದಲೇ ಹೇಳ್ತೇನೆ, ಆ 7 ಯಾರು ಅಳೆಯೋದು? ನಿಮಗೆ 6 ಅನ್ನಿಸಿದ್ದು ನನಗೆ 3 ಅನ್ನಿಸಬಹುದು. ಪಾಯಿಂಟು ಇದ್ರೆ ಮಾತ್ರ ನ್ಯಾಯ, ಇಲ್ಲಾಂದ್ರೆ ಮೇಷ್ಟ್ರ ಮೂಡಿನ ಮೇಲೆ ಮಕ್ಕಳ ಭವಿಷ್ಯ ಹೋಗ್ತದೆ.

ಪುಣೆ_ಹಳಬ
ನೀವು ಕೇಳೋದು ನ್ಯಾಯ ಅದ, ಇಬ್ಬರು ತಿದ್ದಿದ್ರ ಮಾರ್ಕ್ಸ್ ಹತ್ತಿರ ಬರಬೇಕು. ಅದರ ಸಲುವಾಗಿ ಸ್ಕೀಮ್‌ನಾಗ ಒಪ್ಪಬಹುದಾದ ವಿವರಗಳ ಪಟ್ಟಿ ಇರಲೇಬೇಕು. ಆದ್ರ ಅದು ಟಿಕ್ ಹಾಕೋ ಪಟ್ಟಿ ಅಲ್ಲ, "ಇಂಥಾವು ಬರಬಹುದು, ಬ್ಯಾರೇ ಸರಿಯಾದದ್ದು ಬಂದ್ರೂ ಒಪ್ಪಿಕೊಳ್ರಿ" ಅನ್ನೋ ಪಟ್ಟಿ. ಆ ಪಟ್ಟಿ 5 ಮಾರ್ಕಿಗಷ್ಟ. 7ಕ್ಕ ಮೆಟ್ಟಿಲು ಬರೀರಿ. ಹೋಲಿಕೆ ಬರೇ ಕಡೀ ಸಾಲಿನಾಗ ಇದ್ರ 2 ದಾಟಬಾರದು. "ಇಲ್ಲಿ ಹಿಂಗ, ಅಲ್ಲಿ ಹಂಗ" ಅಂತ ಜೋಡಿ ಮಾಡಿ ಇಟ್ರ 3ರಿಂದ 4. ವ್ಯತ್ಯಾಸ ಯಾಕ ಅಂತ ಕಾರಣ ಹೇಳಿದ್ರ 5 ಮ್ಯಾಲೆ.

ಎರಡು ಉತ್ತರ ಹಿಡಿದು ನೋಡೂಣ, ನಾನು ತಿದ್ದುವಾಗ ಮತ್ತ ಮತ್ತ ಕಂಡ ನಮೂನಿಗಳು.

ಮೊದಲನೇದು, ನಾಕು ಪುಟ. ಇಹ್ರಾಮ್, ಕಾಬಾದ ಸುತ್ತ ಏಳು ಸುತ್ತು, ಸಫಾ-ಮರ್ವಾ, ಅರಫಾತ್, ಮುಜ಼್‌ದಲಿಫಾ, ಮಿನಾದಾಗ ಕಲ್ಲು ಹೊಡಿಯೋದು, ಎಲ್ಲಾ ಸಾಲಿಡಿದು ಬರದಾನ. ಆಮ್ಯಾಲೆ ಆಳಂದಿ, ದೇಹು, ಪಾಲಕಿ, ತುಳಸಿ ಮಾಲಿ, ರಿಂಗಣ, ಆಷಾಢಿ ಏಕಾದಶಿ. ಕಡೀಕ "ಹೀಗೆ ಎರಡೂ ಸಮಾನತೆ ಸಾರುತ್ತವೆ". ಅಕ್ಷರ ಮುತ್ತಿನಂಗ. ನಿಮ್ಮ ಹಳೇ ಸ್ಕೀಮ್‌ದಾಗ 6, 5, 1, ಒಟ್ಟು 12.

ಎರಡನೇದು, ಎರಡು ಪುಟಕ್ಕೂ ಕಡಿಮಿ, ಅಕ್ಷರ ಓದಾಕ ತ್ರಾಸು. ಇಹ್ರಾಮ್ ಮೈಮ್ಯಾಲಿನ ಅಂತಸ್ತು ಅಳಸ್ತದ, ಆದ್ರ ಪ್ಯಾಕೇಜ್ ರೊಕ್ಕದ ಮ್ಯಾಲೆ ಇಳಿಯೋ ಜಾಗಾ ಬ್ಯಾರೆ ಆಗ್ತದ ಅಂತಾಳ. ವಾರಿದಾಗ ಬಟ್ಟಿ ಬದಲಾಗೂದಿಲ್ಲ, ಅದರ ಬದಲಿ ಒಬ್ಬರನ್ನೊಬ್ಬರು ಮಾವುಲಿ ಅಂತ ಕರದು ಕಾಲಿಗೆ ಬೀಳತಾರ, ಆದ್ರ ದಿಂಡಿಗೆ ದಿಂಡಿಗೆ ಊಟ ಬ್ಯಾರೆ ಇದ್ದದ್ದನ್ನ ಕರ್ವೆ ಕಂಡಾರ ಅಂತಾಳ. ಒಂದು ಕಡೆ ಅಂತಸ್ತು ರೊಕ್ಕದ ಬಾಗಿಲಿಂದ ಒಳಗ ಬರ್ತದ, ಇನ್ನೊಂದು ಕಡೆ ಜಾತಿ ಬಾಗಿಲಿಂದ, ಅದಕ್ಕ ಟರ್ನರ್ ಹೇಳಿದ್ದು ಯಾತ್ರಿಕರ ಆಸೆಗೆ ಹೊಂದ್ತದ, ವ್ಯವಸ್ಥೆಗೆ ಹೊಂದೂದಿಲ್ಲ ಅಂತ ಮುಗಸ್ತಾಳ. ಹಳೇ ಸ್ಕೀಮ್‌ದಾಗ ಈಕಿಗೆ 3, 3, 3, ಒಟ್ಟು 9.

ಹೊಸಾದ್ರಾಗ ಮೊದಲನೆಯವಂಗ ವಿವರಕ್ಕ 5, ಹೋಲಿಕಿಗೆ 1, ಟರ್ನರ್‌ಗೆ 0, ಒಟ್ಟು 6. ಈಕಿಗೆ 3, 6, 3, ಒಟ್ಟು 12. ಈ ಪೇಪರ್ ಕಲಿಸಿದ ಯಾರನ್ನ ಕೇಳಿದ್ರೂ ಎರಡನೇ ಉತ್ತರನೇ ಚಲೋ ಅಂತಾರ. ಹಳೇ ಸ್ಕೀಮ್ ಹಿಡದು ಇಬ್ಬರು ತಿದ್ದಿದ್ರೂ ಒಂದೇ ಮಾರ್ಕ್ಸ್ ಬರ್ತಿತ್ತು ಪೋಂಡಾ ಸರ್, ಇಬ್ಬರೂ ಕೂಡಿ ತಪ್ಪು ಮಾರ್ಕ್ಸ್ ಹಾಕ್ತಿದ್ರು.

ಪೋಂಡಾ_ಲೆಕ್ಕ
12 ಮತ್ತು 6 ಅಂತ ಅದಲುಬದಲಾದದ್ದು ನೋಡಿದೆ, ಅದು ಗಟ್ಟಿ ಮಾತು, ಒಪ್ಪಿದೆ. ಆದ್ರೂ ಆ ಮೊದಲನೇ ಹುಡುಗ ನಾಲ್ಕು ಪುಟ ಸರಿಯಾಗಿಯೇ ಬರ್ದಿದ್ದಾನೆ, ಒಂದು ತಪ್ಪೂ ಇಲ್ಲ, 15ಕ್ಕೆ 6 ಅಂದ್ರೆ ಪಾಸಿನ ಅಂಚು. ನನಗೆ ಮನಸ್ಸು ಬರೋದಿಲ್ಲ. ಕನಿಷ್ಠ 8 ಬೇಕಿತ್ತು.

ಕೊಂಢ್ವಾ_ಓದುಗಿ
ಸಲಾಂ, ನಮಸ್ಕಾರ. ನಾನು ಎರಡು ವರ್ಷದ ಹಿಂದೆ ಇಂಥದೇ ಪೇಪರ್ ಬರೆದವಳು, ಹುಟ್ಟೂರು ಹುಬ್ಬಳ್ಳಿ, ಈಗ ಪುಣೆ. ನನ್ನದು ಎರಡು ಮಾತಿದೆ.

ಒಂದು, ಒಪ್ಪಬಹುದಾದ ವಿವರದ ಪಟ್ಟಿ ಮಾಡುವಾಗ ಹಜ್ ಗೊತ್ತಿರೋ ಯಾರಿಗಾದ್ರೂ ತೋರಿಸಿ ಮೇಡಂ. "ಎಲ್ಲರೂ ಹೊಲಿಗೆ ಇಲ್ಲದ ಬಿಳಿ ಬಟ್ಟೆ ಉಡ್ತಾರೆ" ಅಂತ ನೋಟ್ಸಲ್ಲೆಲ್ಲ ಇರುತ್ತೆ. ಆ ಎರಡು ಬಟ್ಟೆ ಗಂಡಸರಿಗೆ, ಹೆಂಗಸರು ತಮ್ಮ ಸಾಧಾರಣ ಬಟ್ಟೆಯಲ್ಲೇ ಇಹ್ರಾಮ್ ಮಾಡ್ತಾರೆ. ಸಮಾನತೆ ಪ್ರಶ್ನೆಯಲ್ಲಿ ಇದು ಸಣ್ಣ ವಿಷಯ ಅಲ್ಲ, ಯಾರಾದ್ರೂ ಮಗು ಇದನ್ನ ಸರಿಯಾಗಿ ಬರೆದು "ಇಲ್ಲಿ ಗಂಡು ಹೆಣ್ಣಿನ ಲೆಕ್ಕ ಬೇರೆ" ಅಂದ್ರೆ ಸ್ಕೀಮ್ ನೋಡಿ ತಪ್ಪು ಅಂತ ಕೆಂಪು ಗೀಚಬಾರದು. ಮೆಹ್ರಮ್, ಅಂದ್ರೆ ಹೆಂಗಸಿನ ಜೊತೆ ಹೋಗೋ ಹತ್ತಿರದ ಗಂಡು ಬಂಧು, ಆ ವಿಷಯನೂ ಬರಬಹುದು, ನಮ್ಮ ದೇಶದಿಂದ 2018ರಿಂದ 45 ದಾಟಿದ ಹೆಂಗಸರು ಗುಂಪಾಗಿ ಮೆಹ್ರಮ್ ಇಲ್ಲದೆ ಹೋಗೋಕೆ ಬಿಟ್ಟಿದ್ದಾರೆ. ಇನ್ನೊಂದು, ತವಾಫ್ ಮತ್ತು ಸಫಾ-ಮರ್ವಾ ಎರಡೂ ಉಮ್ರಾ ಅನ್ನೋ ಚಿಕ್ಕ ಯಾತ್ರೆಯಲ್ಲೂ ಇವೆ. ಜ಼ಿಲ್‌ಹಜ್ 9ರಂದು ಅರಫಾತಲ್ಲಿ ನಿಲ್ಲದೆ ಹಜ್ ಆಗೋದೇ ಇಲ್ಲ, ಅದೇ ಅದರ ಜೀವ. ಅರಫಾತ್ ಬಿಟ್ಟು ಬರೆದ ಉತ್ತರ ಉಮ್ರಾ ಮೇಲಿನ ಉತ್ತರ ಆಗಿರಬಹುದು.

ಎರಡನೇದು ನನ್ನದೇ ಅನುಭವ. ಯಾತ್ರೆ ಪ್ರಶ್ನೆಗೆ ನಮ್ಮ ಅಜ್ಜಿ ಹಜ್‌ಗೆ ಹೋಗಿ ಬಂದು ಹೇಳಿದ್ದನ್ನ ಸೇರಿಸಿ ಬರೆದಿದ್ದೆ. ಉತ್ತರಪತ್ರಿಕೆ ಕೈಗೆ ಬಂದಾಗ ಆ ಪ್ಯಾರಾ ಪಕ್ಕ "ನೋಟ್ಸ್‌ನಲ್ಲಿ ಇಲ್ಲ" ಅಂತ ಬರೆದು ಅಡ್ಡಗೆರೆ ಹಾಕಿದ್ರು. ನನ್ನ ಗೆಳತಿ "ಇಸ್ಲಾಂನಲ್ಲಿ ಎಲ್ಲರೂ ಸಮಾನರು" ಅಂತ ಒಂದು ಸಾಲು ಬರೆದಿದ್ದಕ್ಕೆ ರೈಟ್ ಬಿದ್ದಿತ್ತು. ಮನೆಯವರ ಅನುಭವಕ್ಕೆ ಬೆಲೆ ಇಲ್ವಾ, ಇದ್ರೆ ಎಷ್ಟು, ಅದನ್ನ ಸ್ಕೀಮ್‌ನಲ್ಲಿ ಬರೆದುಬಿಡಿ ಮೇಡಂ, ತಿದ್ದೋರ ಇಷ್ಟಕ್ಕೆ ಬಿಡಬೇಡಿ.

ಆಳಂದಿ_ವಾರಿ
ತಂಗಿ ಹೇಳಿದ್ದು ನನಗೂ ಸೇರಿದ ಮಾತು. ಕರ್ವೆ ಬಾಯಿ ಕಂಡದ್ದು ಆ ಕಾಲದ್ದು. ನಮ್ಮ ದಿಂಡಿದಾಗ ಎಲ್ಲಾರೂ ಒಂದೇ ಪಂಕ್ತಿ, ನಾನೇ ಬಡಸ್ತೀನಿ, ಯಾರ ಜಾತಿ ಯಾವುದು ಅಂತ ಕೇಳೋ ಪದ್ಧತಿನೇ ಇಲ್ಲ. ಯಾರಾದ್ರೂ ಹುಡುಗ ಇದನ್ನ ಬರದ್ರ ಪುಸ್ತಕದಾಗ ಹಂಗಿಲ್ಲ ಅಂತ ಹೊಡದಹಾಕ್ತೀರೇನು?

ಪುಣೆ_ಹಳಬ
ಹೊಡದಹಾಕಬಾರದು. ನಿಮ್ಮ ದಿಂಡಿದೂ ಪುರಾವೆ, ಕರ್ವೆಯವರದೂ ಪುರಾವೆ, ಎರಡಕ್ಕೂ ಕಾಲ ಜಾಗಾ ಅದ. ಸ್ಕೀಮ್‌ದಾಗ ಹಿಂಗ ಬರೀರಿ ಮೇಡಂ: ಸ್ವಂತ ಅಥವಾ ಮನಿಯವರ ಅನುಭವ ಬರದ್ರ, ಯಾರು ಎಲ್ಲಿ ಯಾವಾಗ ಕಂಡದ್ದು ಅಂತ ಗೊತ್ತಾಗೂ ಹಂಗ ಇದ್ರ, ವಿವರ ಅಂತ ಒಪ್ಪಿಕೊಳ್ರಿ. "ನಮ್ಮ ದಿಂಡಿದಾಗ ಹಿಂಗ, ಅದಕ್ಕ ವಾರಿದಾಗ ಜಾತಿನೇ ಇಲ್ಲ" ಅಂತ ಜಿಗದ್ರ ವಿವರದ ಮಾರ್ಕು ಕೊಡ್ರಿ, ತೀರ್ಮಾನದ್ದು ಕೊಡಬ್ಯಾಡ್ರಿ. ಕರ್ವೆ ಲೇಖನ ಹಿಡದು "ಇವತ್ತೂ ಹಂಗೇ ಅದ" ಅಂದವರಿಗೂ ಇದೇ ನಿಯಮ.

"ಅಲ್ಲಾಹನ ಮುಂದ ಎಲ್ಲಾರೂ ಒಂದು", "ವಿಠ್ಠಲನ ಮುಂದ ಎಲ್ಲಾರೂ ಒಂದು", ಇವೆರಡೂ ಶ್ರದ್ಧಾದ ಮಾತು, ಬರೇ ಅಷ್ಟ ಬರದ್ರ ಯಾವುದಕ್ಕೂ ಮಾರ್ಕಿಲ್ಲ, ಆಚರಣಿಗೆ ಜೋಡಿಸಿದ್ರ ಎರಡಕ್ಕೂ ಅದ. ತಿದ್ದೋ ನಾವೂ ಯಾವುದೋ ಒಂದು ಮನಿಯಿಂದ ಬಂದವರು, ಗೊತ್ತಿಲ್ಲದಂಗ ಒಂದು ಕಡೆ ಕೈ ಸಡಲಾಗ್ತದ. ನಾನು ಮಾಡ್ತಿದ್ದದ್ದು ಹೇಳ್ತೀನಿ: ಸಂಶಯ ಬಂದ ಸಾಲಿನಾಗ ಹಜ್ ಇದ್ದಲ್ಲಿ ವಾರಿ ಅಂತ, ವಾರಿ ಇದ್ದಲ್ಲಿ ಹಜ್ ಅಂತ ಮನಸಿನಾಗ ಅದಲುಬದಲು ಮಾಡಿ ಓದೋದು. ಆಗ ನಾ ಕೊಡೋ ಮಾರ್ಕು ಬದಲಾಗ್ತದ ಅನ್ನಿಸಿದ್ರ ಮೊದಲಿನ ಮಾರ್ಕು ತಪ್ಪು.

ಅರಫಾತ್ ಬಗ್ಗೆ ತಂಗಿ ಹೇಳಿದ್ದು ಖರೇ, ಪಟ್ಟಿಗೆ ಸೇರಸ್ರಿ. ಆದ್ರ ಬಿಟ್ಟವರಿಗೆ ಮಾರ್ಕ್ಸ್ ಕಡೀಬ್ಯಾಡ್ರಿ, ಪ್ರಶ್ನೆ ಕೇಳಿದ್ದು ಎರಡು ಆಚರಣಿ, ಇಂಥಾದ್ದೇ ಅಂತ ಕೇಳಿಲ್ಲ.

ಡೊಂಬಿವಲಿ_ಟೀಚರ್
ಇವತ್ತು ಮಧ್ಯಾಹ್ನ ಹೊಸ ಪ್ರಶ್ನೆಗೆ ನಾನೇ ಕೈಯಲ್ಲಿ ಉತ್ತರ ಬರೆದು ನೋಡಿದೆ, 15 ಮಾರ್ಕಿಗೆ ಅರ್ಧ ಗಂಟೆ ಬೀಳುತ್ತೆ, ಓದಿ ಯೋಚಿಸೋಕೆ ಐದು ನಿಮಿಷ ಬಿಟ್ಟು 25 ನಿಮಿಷ ಟೈಮರ್ ಇಟ್ಟುಕೊಂಡೆ. ಎರಡು ಎರಡು ಆಚರಣೆ ಮತ್ತು ಟರ್ನರ್ ಆಗುತ್ತೆ, ಅದಕ್ಕಿಂತ ಜಾಸ್ತಿ ಆಗಲ್ಲ. ಹಾಗಾಗಿ "ಕನಿಷ್ಠ ಎರಡು" ಬದಲು "ಎರಡೆರಡು" ಅಂತ ಮಾಡ್ತಿದೀನಿ, ಇಲ್ಲಾಂದ್ರೆ ಹೆದರಿಕೆಗೆ ಐದು ಬರೆದು ಹೋಲಿಕೆಗೆ ಟೈಮೇ ಉಳಿಯಲ್ಲ.

ಸರ್, ಇನ್ನೊಂದು ಕೇಳ್ಬೇಕು. 13, 14, 15 ಯಾವ ಥರದ ಉತ್ತರಕ್ಕೆ? ಆ ಎರಡನೇ ಹುಡುಗಿಗೇ 12 ಅಂದ್ರೆ ಮೇಲೆ ಏನಿದೆ ಅಂತ ನನ್ನ ಸಹ-ಪರೀಕ್ಷಕರು ಖಂಡಿತ ಕೇಳ್ತಾರೆ.

ಪುಣೆ_ಹಳಬ
ಆಕಿ ವಿವರ 3 ಇತ್ತಲ್ಲ, ಅದು 5 ಆಗಿ, ಹೋಲಿಕೆ ಇನ್ನೊಂದು ಹೆಜ್ಜಿ ಮುಂದ ಹೋದ್ರ. ಒಂದು ಉದಾಹರಣಿ ಕೊಡ್ತೀನಿ. ಮಕ್ಕಾದಾಗ ಮುಸ್ಲಿಂ ಆದ ಯಾರಿಗೂ ಕಾಬಾದ ತನಕ ಹೋಗಾಕ ತಡಿ ಇಲ್ಲ, ಅವರು ಯಾವ ದೇಶ ಯಾವ ಬಣ್ಣ ಇರಲಿ. 1964ರಾಗ ಮಾಲ್ಕಮ್ ಎಕ್ಸ್ ಅಲ್ಲಿಂದ ಬರದ ಪತ್ರದಾಗ ಅದನ್ನೇ ಹೇಳ್ಯಾರ. ಮುಸ್ಲಿಂ ಅಲ್ಲದವರಿಗೆ ಮಾತ್ರ ಊರಿನೊಳಗೇ ಪ್ರವೇಶ ಇಲ್ಲ. ವಾರಿ ತಿರುವು ಮುರುವು. ರಸ್ತೆ ಎಲ್ಲಾರಿಗೂ ತೆರದದ್ದು, ಆದ್ರ ಗುಡಿ ಬಾಗಿಲು ದಲಿತರಿಗೆ ಶತಮಾನಗಟ್ಟಲೆ ಮುಚ್ಚಿತ್ತು. ದಲಿತ ಸಂತ ಚೋಖಾಮೇಳರ ಸಮಾಧಿ ಗುಡಿ ಹೊರಗ, ಬಾಗಿಲ ಮುಂದ ಅದ. ಸಾನೆ ಗುರೂಜಿ 1947ರಾಗ ಉಪವಾಸ ಕೂತ ಮ್ಯಾಲೆ ಬಾಗಿಲು ತೆರೀತು. ಅಂದ್ರ ಎರಡೂ ಕಡೆ ಗೆರಿ ಅದ, ಒಂದರಾಗ ಸಮುದಾಯದ ಹೊರ ಅಂಚಿನಾಗ, ಇನ್ನೊಂದರಾಗ ಸಮುದಾಯದ ಒಳಗ, ಅದೂ ಯಾತ್ರಿ ಮುಗಿಯೋ ಜಾಗಾದಾಗ. ಟರ್ನರ್ ದಾರಿ ನೋಡಿದ್ರು, ಬಾಗಿಲು ಅಷ್ಟು ನೋಡಲಿಲ್ಲ ಅಂತ ಹುಡುಗ ಬರದ ಅಂದ್ರ 14 ಕೊಡಾಕ ನಾ ಹಿಂದ ಮುಂದ ನೋಡೂದಿಲ್ಲ. ಸ್ಯಾಲ್ನೋ 1981ರಾಗ ಆಂಡೀಸ್ ಯಾತ್ರಿ ನೋಡಿ ಟರ್ನರ್ ಮ್ಯಾಲೆ ಮಾಡಿದ ಟೀಕಾ ಗೊತ್ತಿದ್ರ ಛಲೋ, ಗೊತ್ತಿಲ್ಲದಿದ್ರೂ ಪೂರ್ತಿ ಮಾರ್ಕ್ಸ್ ಸಿಗಬೇಕು, ನೀವು ಕಲಿಸಿಲ್ಲ ಅಂದ್ರ ಕೇಳಬಾರದು.

ಮಡಗಾಂವ್_ಹುಡುಗ
ನಡುವೆ ಬಂದೆ, ಕ್ಷಮಿಸಿ. ಈ ಪ್ರಶ್ನೆಯ ಆಪ್ಶನ್ ಏನು ಮೇಡಂ? ನಮ್ಮಲ್ಲಿ ಎಲ್ಲರೂ ಸುಲಭದ ಆಪ್ಶನ್ನೇ ಬರೆಯೋದು, ಕಷ್ಟದ್ದನ್ನ ಯಾರೂ ಮುಟ್ಟೋದೇ ಇಲ್ಲ.

ಡೊಂಬಿವಲಿ_ಟೀಚರ್
"ನಿನಿಯನ್ ಸ್ಮಾರ್ಟ್ ಹೇಳಿದ ಧರ್ಮದ ಏಳು ಆಯಾಮಗಳನ್ನು ವಿವರಿಸಿ" ಅಂತ ಇತ್ತು ತಮ್ಮಾ. ನೀನು ಹೇಳಿದ್ದು ಸರಿ, ಅದು ಪೂರ್ತಿ ಬಾಯಿಪಾಠ, ಅದಿದ್ರೆ ಇಷ್ಟೆಲ್ಲಾ ತಿದ್ದಿದ ಪ್ರಶ್ನೆ ಯಾರೂ ಬರೆಯಲ್ಲ.

ಮಡಗಾಂವ್_ಹುಡುಗ
ಹಾಗಿದ್ರೆ ಮಾಪ್ಸಾ ಚರ್ಚಿನ ಮಿಲಾಗ್ರಿಸ್ ಸಾಯ್ಬಿಣ್ ಮತ್ತು ಶಿರಗಾಂವಿನ ದೇವಿ ಲೈರಾಯಿ ಹಾಕಿ. ಇಬ್ಬರೂ ಅಕ್ಕತಂಗಿಯರು ಅಂತ ನಮ್ಮಲ್ಲಿ ಹಿಂದೂಗಳೂ ಕ್ಯಾಥೊಲಿಕರೂ ನಂಬ್ತಾರೆ, ಫೆಸ್ತಿಗೆ ಹಿಂದೂಗಳೂ ಹೋಗಿ ಎಣ್ಣೆ ಹಾಕ್ತಾರೆ. ಎರಡು ಧರ್ಮ ಬೇರೆ ಬೇರೆ ಪೆಟ್ಟಿಗೆ ಅಂತ ಇಟ್ಟುಕೊಂಡು ಹೋಲಿಸೋದೇ ಇಲ್ಲಿ ನಡೆಯಲ್ಲ. ಸ್ಮಾರ್ಟ್ ಅವರ ಆಯಾಮಗಳಲ್ಲಿ ಎರಡನ್ನ ತಗೊಂಡು ಇದನ್ನ ನೋಡಿ ಅಂದ್ರೆ ಯಾರೂ ಬಾಯಿಪಾಠ ಮಾಡಿ ಬರೋಕಾಗಲ್ಲ.

ಪುಣೆ_ಹಳಬ
ತಮ್ಮಾ, ಭಾಳ ಚಂದದ ಕೇಸು. ಆದ್ರ ಡೊಂಬಿವಲಿ ಹುಡುಗರಿಗೆ ಮಾಪ್ಸಾ ಗೊತ್ತಿಲ್ಲ, ಕಲಿಸಿಲ್ಲ. ಪ್ರಶ್ನೆದಾಗೇ ಆರೇಳು ಸಾಲು ವಿವರ ಕೊಟ್ಟು ಕೇಳಬೇಕಾಗ್ತದ. ಅದನ್ನ ಓದಾಕ ಟೈಮ್ ಬೇಕು, ಮರಾಠಿ ಅನುವಾದನೂ ಅಷ್ಟೇ ತಿಳಿಯಾಗಿರಬೇಕು.

ಕೊಂಢ್ವಾ_ಓದುಗಿ
ನನಗಾದ್ರೆ ಅಂಥದ್ದೇ ಇಷ್ಟ. ನೋಡದ ಕೇಸ್ ಕೊಟ್ರೆ ಮನೆಯಲ್ಲಿ ಗೊತ್ತಿದ್ದವರಿಗೆ ಲಾಭ ಇಲ್ಲ, ಎಲ್ಲರೂ ಒಂದೇ ಕಡೆಯಿಂದ ಶುರು ಮಾಡ್ತಾರೆ.

ಪೋಂಡಾ_ಲೆಕ್ಕ
ಪರೀಕ್ಷೆ ದಿನ ಹೊಸ ವಿಷಯ ಬೇಡವೇ ಬೇಡ. ಹೆದರಿಕೊಳ್ಳುವ ಮಕ್ಕಳು ಉಂಟು, ಅರ್ಧದಷ್ಟು ಜನ ಪ್ಯಾಸೇಜನ್ನೇ ತಿರುಗಿಸಿ ಬರೆದು ಇಡ್ತಾರೆ, ಅದನ್ನ ತಿದ್ದೋದು ಹೇಗೆ? ಮೌಂಟ್ ಮೇರಿ ಜಾತ್ರೆ ಕ್ಲಾಸಲ್ಲಿ ಮಾಡಿದ್ರೆ ಅದನ್ನ ಹಾಕಿ.

ಡೊಂಬಿವಲಿ_ಟೀಚರ್
ಬಾಂದ್ರಾದ ಆ ಮೌಂಟ್ ಮೇರಿ ಜಾತ್ರೆ ಬಗ್ಗೆ ಒಂದು ತರಗತಿಯಲ್ಲಿ ಮಾತಾಡಿದೀವಿ, ಅದಕ್ಕೆ ಸೆಪ್ಟೆಂಬರಲ್ಲಿ ಎಲ್ಲ ಧರ್ಮದವರೂ ಮೇಣದ ಬೊಂಬೆ, ಮೇಣದ ಕೈಕಾಲು ಹರಕೆ ಕೊಡೋದು ಮಕ್ಕಳು ಕಣ್ಣಾರೆ ನೋಡಿರ್ತಾರೆ. ಪ್ಯಾಸೇಜ್ ಕೊಡಬೇಕೋ ಇದನ್ನ ಕೊಡಬೇಕೋ ಇನ್ನೂ ತೂಗ್ತಾ ಇದೀನಿ, ಎರಡನ್ನೂ ಬರೆದು ಮಾಡರೇಟರ್ ಮುಂದೆ ಇಡ್ತೀನಿ.

ಇನ್ನು ವ್ಯಾಲ್ಯುಯೇಶನ್ ದಿನದ್ದು. ಮೊದಲು ಆರು ಪತ್ರಿಕೆ ತೆಗೆದುಕೊಂಡು, ಮೂರು ಇಂಗ್ಲಿಷ್ ಮೂರು ಮರಾಠಿ, ಇಬ್ಬರೂ ಪತ್ರಿಕೆ ಮೇಲೆ ಏನೂ ಬರೆಯದೆ ಬೇರೆ ಹಾಳೆಯಲ್ಲಿ ಮಾರ್ಕ್ಸ್ ಹಾಕಿ ಆಮೇಲೆ ಹೋಲಿಸೋಣ ಅಂತ ನನ್ನ ಸಹ-ಪರೀಕ್ಷಕರಿಗೆ ಹೇಳಿದೀನಿ, ಒಪ್ಪಿದ್ದಾರೆ.

ಪುಣೆ_ಹಳಬ
ಹಂಗ ಮಾಡ್ರಿ. ಬರೇ ಟೋಟಲ್ ನೋಡಬ್ಯಾಡ್ರಿ, 5-7-3 ಮೂರೂ ಕಾಲಂ ಬ್ಯಾರೆ ಬ್ಯಾರೆ ನೋಡ್ರಿ. ಇಬ್ಬರದೂ 9 ಬಂದಿರ್ತದ, ಒಬ್ಬರದು 5-3-1, ಇನ್ನೊಬ್ಬರದು 2-5-2. ಟೋಟಲ್ ಕೂಡಿದ್ರೂ ಇಬ್ಬರೂ ಬ್ಯಾರೆ ಬ್ಯಾರೆ ಉತ್ತರ ಓದ್ಯಾರ ಅಂತ ಅರ್ಥ. ಹೋಲಿಕೆ ಕಾಲಂದಾಗ ಎರಡಕ್ಕಿಂತ ಹೆಚ್ಚು ಫರಕ್ ಬಂದ್ರ ಮೆಟ್ಟಿಲಿನ ಸಾಲು ಸ್ಪಷ್ಟ ಇಲ್ಲ, ಅದನ್ನ ತಿದ್ದಿ ಆಮ್ಯಾಲೆ ಬಂಡಲ್ ಬಿಚ್ಚರಿ. ಇಂಗ್ಲಿಷ್‌ನಾಗ ಬರದವರಿಗೆ ಹೋಲಿಕೆ ಕಾಲಂದಾಗ ಹೆಚ್ಚು ಬಿದ್ದಂಗ ಕಂಡ್ರ ಅಲ್ಲೂ ನಿಂತು ನೋಡ್ರಿ, ಭಾಷಾದ ಸೊಗಸಿಗೆ ಮಾರ್ಕು ಹೋಗಿರ್ತದ.

ಪೋಂಡಾ_ಲೆಕ್ಕ
ಮೂರು ಕಾಲಂ ಬೇರೆ ಇಡೋದು ನನಗೂ ಹಿಡಿಸಿತು, ಫೋಟೋಕಾಪಿ ಕೇಳಿದವರಿಗೆ ಅದನ್ನೇ ತೋರಿಸಬಹುದು. ಆ ನಾಲ್ಕು ಪುಟದ ಹುಡುಗನ 6 ಮಾತ್ರ ನಾನು ಈಗಲೂ ಒಪ್ಪೋದಿಲ್ಲ ಸರ್.

ಪುಣೆ_ಹಳಬ
ಒಪ್ಪಬ್ಯಾಡ್ರಿ. ಮೇಡಂ, ಅದರಂಥ ಒಂದು ಪತ್ರಿಕೆ ಆ ಆರರಾಗ ಇರೋ ಹಂಗ ನೋಡ್ಕೊಳ್ರಿ, ನಿಮ್ಮ ಸಹ-ಪರೀಕ್ಷಕರು ಎಷ್ಟು ಹಾಕ್ತಾರ ಇಲ್ಲಿ ಬಂದು ಹೇಳ್ರಿ.